ಸಾಂಚಿಯ ದಾನಿಗಳು ಬಿಡಿಸಿದ ಒಗಟು

14ನೇ ಶತಮಾನದಲ್ಲಿ ಸುಲ್ತಾನ ಫಿರೋಜ್ ಷಾ ತುಘಲಕ್ ತೋಪ್ರಾದಿಂದ ಒಂದು ಭಾರಿ ಕಲ್ಲುಕಂಬವನ್ನು ದೆಹಲಿಗೆ ತರಿಸಿ ನಿಲ್ಲಿಸಿದ. ಅದರ ಮೈಮೇಲಿದ್ದ ಬ್ರಾಹ್ಮಿ ಬರಹವನ್ನು ಓದಿಸಲು ಪಂಡಿತರನ್ನು ಕರೆಸಿದ. ಯಾರಿಂದಲೂ ಆಗಲಿಲ್ಲ.

ಆ ಕೆಲಸ ಕೈಗೂಡಿದ್ದು 1837ರಲ್ಲಿ, ಕಲ್ಕತ್ತದ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುತ್ತಿದ್ದ ಜೇಮ್ಸ್ ಪ್ರಿನ್ಸೆಪ್‌ನಿಂದ. ಮೂರು ವರ್ಷ ಮೊದಲೇ ಅವನು ಅಲಹಾಬಾದ್ ಕಂಬದ ಅಕ್ಷರಗಳನ್ನು ಆಕಾರದ ಪ್ರಕಾರ ವಿಂಗಡಿಸಿ ಪಟ್ಟಿ ಮಾಡಿದ್ದ. ಒಂದೇ ಮೂಲ ಆಕಾರಕ್ಕೆ ಮೇಲೆ ಬಲಕ್ಕೋ ಎಡಕ್ಕೋ, ಇಲ್ಲವೇ ಕೆಳಗೋ ಸಣ್ಣ ಗೀಟು ಸೇರಿ ಹೊಸ ರೂಪಗಳಾಗುತ್ತಿದ್ದವು. ಅಂದರೆ ನಮ್ಮ ಕಾಗುಣಿತದ ಪದ್ಧತಿಯೇ! ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು: ದೆಹಲಿ ಮತ್ತು ಅಲಹಾಬಾದ್ ಕಂಬಗಳಲ್ಲಿ ಒಂದೇ 15 ಅಕ್ಷರಗಳ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಆದರೆ ಲಿಪಿಯ ರಚನೆ ತಿಳಿದ ಮಾತ್ರಕ್ಕೆ ಉಚ್ಚಾರ ತಿಳಿಯುವುದಿಲ್ಲ. 1836ರಲ್ಲಿ ಕ್ರಿಶ್ಚಿಯನ್ ಲಾಸೆನ್ ಗ್ರೀಕ್ ಮತ್ತು ಬ್ರಾಹ್ಮಿ ಎರಡೂ ಇದ್ದ ರಾಜ ಅಗಾಥೊಕ್ಲಿಸ್‌ನ ನಾಣ್ಯದಿಂದ ಕೆಲವು ಅಕ್ಷರಗಳನ್ನು ಗುರುತಿಸಿದ್ದ. ಕಂಬಗಳ ಶಾಸನಕ್ಕೆ ಅಷ್ಟು ಸಾಲದಾಗಿತ್ತು.

ದಾರಿ ತೆರೆದದ್ದು ರಾಜಶಾಸನವಲ್ಲ, ಸಾಮಾನ್ಯ ಭಕ್ತರ ಬರಹ. ಸಾಂಚಿ ಸ್ತೂಪದ ಕಲ್ಲುಕಟಕಟೆಯ ಮೇಲಿದ್ದ ಚುಟುಕು ಬರಹಗಳ ಪ್ರತಿಗಳು ಪ್ರಿನ್ಸೆಪ್‌ನ ಕೈಸೇರಿದವು. ಒಂದೊಂದೂ ಬೇರೆ, ಆದರೆ ಬಹುತೇಕ ಎಲ್ಲದರ ಕೊನೆಯಲ್ಲೂ ಅವೇ ಎರಡು ಅಕ್ಷರ. ದೊಡ್ಡ ಶಾಸನವೊಂದು ಚೂರಾಗಿದ್ದರೆ ಹೀಗಾಗುತ್ತಿರಲಿಲ್ಲ; ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣ ವಾಕ್ಯವೇ ಇರಬೇಕು. ಬರ್ಮಾದ ಬೌದ್ಧ ಗುಡಿಗಳಲ್ಲಿ ಭಕ್ತರು ತಮ್ಮ ಕಾಣಿಕೆಗಳನ್ನು ಬರೆಸಿಡುವ ರೂಢಿ ಅವನಿಗೆ ಗೊತ್ತಿತ್ತು. ಹಾಗಾದರೆ ಕೊನೆಯ ಪದ ‘ದಾನಂ’ ಆಗಿರಬಹುದೇ?

ಊಹೆಯನ್ನು ಒರೆಗೆ ಹಚ್ಚಲು ಹಿಂದಿನ ಅಕ್ಷರವಿತ್ತು. ‘ದಾನಂ’ಗೆ ಮೊದಲು ಹೆಚ್ಚಾಗಿ ಒಂದೇ ಅಕ್ಷರ ಬರುತ್ತಿತ್ತು. ಹಳೆಯ ನಾಣ್ಯಗಳ ಓದಿನಿಂದ ಅದು ಷಷ್ಠೀ ವಿಭಕ್ತಿಯ ‘ಸ’ ಎಂದು ಅವನಿಗೆ ಹೊಳೆಯಿತು: ‘ಇಂಥವನ ದಾನ’. ಹೀಗೆ ದ, ನ, ಸ, ಜೊತೆಗೆ ದೀರ್ಘದ ಗೀಟು ಮತ್ತು ಅನುಸ್ವಾರದ ಚುಕ್ಕೆ ಕೈವಶವಾದವು. ದಾನಿಗಳ ಹೆಸರುಗಳು ಉಳಿದ ಅಕ್ಷರಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟವು.

ಈ ಅಕ್ಷರಗಳನ್ನು ದೆಹಲಿಯ ಕಂಬಕ್ಕೆ ಹೊಂದಿಸಿದಾಗ ಆ 15 ಅಕ್ಷರಗಳು ಬಾಯಿಬಿಟ್ಟವು: ‘ದೇವಾನಂಪಿಯೇ ಪಿಯದಸಿ ಲಾಜ ಹೇವಂ ಆಹಾ’. ದೇವರಿಗೆ ಪ್ರಿಯನಾದ ಪ್ರಿಯದರ್ಶಿ ರಾಜ ಹೀಗೆ ಹೇಳುತ್ತಾನೆ. ಭಾಷೆ ಸಂಸ್ಕೃತವಲ್ಲ, ಪ್ರಾಕೃತ. ‘ರಾಜ’ ಇಲ್ಲಿ ‘ಲಾಜ’.

ಯಾರೀ ಪ್ರಿಯದರ್ಶಿ? ಪ್ರಿನ್ಸೆಪ್ ಮೊದಲು ಸಿಂಹಳದ ರಾಜ ದೇವಾನಂಪಿಯ ತಿಸ್ಸನೆಂದು ಭಾವಿಸಿದ. ಸಿಂಹಳದಲ್ಲೇ ಇದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ದೀಪವಂಶವನ್ನು ಶೋಧಿಸಿ ಅದನ್ನು ತಿದ್ದಿದ: ಪಿಯದಸ್ಸಿ ಚಂದ್ರಗುಪ್ತನ ಮೊಮ್ಮಗ, ಅಂದರೆ ಅಶೋಕ.

ಆದರೂ ಇದು ಗ್ರಂಥದ ಸಾಕ್ಷಿ. ಯಾವ ಕಂಬದ ಮೇಲೂ ಅಶೋಕನ ಹೆಸರಿರಲಿಲ್ಲ. ಆ ಕೊರತೆ ನೀಗಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಅದಿರು ಹುಡುಕುತ್ತಿದ್ದ ಇಂಜಿನಿಯರ್ ಬೀಡನ್‌ಗೆ ಸಿಕ್ಕ ಬಂಡೆಯ ಮೇಲೆ ‘ದೇವಾನಂಪಿಯಸ ಅಸೋಕಸ’ ಎಂದು ಅದೇ ‘ಸ’ ಪ್ರತ್ಯಯದೊಡನೆ ಹೆಸರು ಕೊರೆದಿತ್ತು.