ಹೆಜ್ಜೆಯೇ ಅಳತೆಗೋಲು
ಜಪಮಾಲೆಯಲ್ಲಿ ಸಾಮಾನ್ಯವಾಗಿ 108 ಮಣಿ. 1866ರಲ್ಲಿ ಲ್ಹಾಸಾ ತಲುಪಿದ ಸರ್ವೇಕ್ಷಕ ನೈನ್ ಸಿಂಗ್ ಅವರ ಮಾಲೆಯಲ್ಲಿದ್ದದ್ದು ನೂರೇ. ನೂರು ಹೆಜ್ಜೆಗೊಂದು ಮಣಿ ಸರಿಸುತ್ತ ಅವರು ಟಿಬೆಟ್ಟಿನ ದಾರಿ ಅಳೆದರು.

ಹೊಲ ಅಳೆಯುವವರಿಗೂ ಮೊದಲು ತಮ್ಮ ಹೆಜ್ಜೆಯ ಅಳತೆ ಗೊತ್ತಿರಬೇಕು. ಟೇಪು ಹಿಡಿದು 50 ಮೀಟರ್ ಗುರುತು ಮಾಡಿಕೊಂಡು, ಎಂದಿನ ನಡಿಗೆಯಲ್ಲೇ ಮೂರು ಸಲ ನಡೆಯಬೇಕು. ಬೇಕೆಂದೇ ಕಾಲು ಚಾಚಿದರೆ ಲೆಕ್ಕ ಕೆಟ್ಟಿತು; ದಣಿದ ಮೇಲೆ ಆ ಹೆಜ್ಜೆ ಉಳಿಯುವುದಿಲ್ಲ. 66, 67, 68 ಹೆಜ್ಜೆ ಬಂದರೆ ಸರಾಸರಿ 67. ಅಂದರೆ ಒಂದು ಹೆಜ್ಜೆಗೆ ಸುಮಾರು 74.6 ಸೆಂಟಿಮೀಟರ್. ಬದುವಿನ ಮೇಲೆ 142 ಹೆಜ್ಜೆಯಾದರೆ ಉದ್ದ 106 ಮೀಟರ್.

ಉತ್ತ ಹೆಂಟೆಗಳ ನಡುವೆ ಹೆಜ್ಜೆ ಕುಗ್ಗುತ್ತದೆ. ಅಲ್ಲಿ ಅದೇ 50 ಮೀಟರಿಗೆ 74 ಹೆಜ್ಜೆ ಬಿದ್ದರೆ, 142 ಹೆಜ್ಜೆಗೆ ಸಿಗುವುದು 96 ಮೀಟರ್ ಮಾತ್ರ. ಯಾವ ನೆಲ ಅಳೆಯಬೇಕೋ ಆ ನೆಲದಲ್ಲೇ ಮೊದಲು ಹೆಜ್ಜೆ ಎಣಿಸಿ ನೋಡಿ.