ಐದು ಸ್ಪೀಕರ್ ಇದ್ದರೂ ಎರಡರಲ್ಲೇ ದನಿ

ಡಿವಿಡಿಯ ಡಬ್ಬಿಯ ಮೇಲೆ ಡಾಲ್ಬಿ ಡಿಜಿಟಲ್ 5.1 ಎಂದು ಅಚ್ಚಾಗಿದೆ. ಮನೆಯಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್ ಇವೆ. ಆದರೂ ಸಿನಿಮಾದ ಮಳೆ ಮುಂದಿನ ಎರಡು ಸ್ಪೀಕರ್‌ಗಳಲ್ಲಷ್ಟೇ ಸುರಿಯುತ್ತದೆ, ಹಿಂದಿನವು ಸುಮ್ಮನಿರುತ್ತವೆ. ರಿಪೇರಿಯವರನ್ನು ಕರೆಸುವ ಮೊದಲು ಪ್ಲೇಯರ್‌ನ ಆಡಿಯೊ ಮೆನು ತೆರೆಯಿರಿ. ಅಲ್ಲಿ ಬಿಟ್‌ಸ್ಟ್ರೀಮ್, ಪಿಸಿಎಂ ಎಂಬ ಎರಡು ಆಯ್ಕೆಗಳಿರುತ್ತವೆ.

ಡಿಸ್ಕಿನಲ್ಲಿ ಆರು ಚಾನೆಲ್‌ಗಳ ದನಿಯನ್ನು ಒತ್ತಿ ಗಂಟು ಕಟ್ಟಿಟ್ಟಿರುತ್ತಾರೆ. ಪಿಸಿಎಂ ಆರಿಸಿದರೆ ಆ ಗಂಟನ್ನು ಪ್ಲೇಯರೇ ಬಿಚ್ಚಿ, ದನಿಯನ್ನು ಹರಡಿ ಕಳಿಸುತ್ತದೆ. ಬಿಟ್‌ಸ್ಟ್ರೀಮ್ ಆರಿಸಿದರೆ ಗಂಟು ಹಾಗೆಯೇ ಹೋಗಿ, ರಿಸೀವರ್‌ನಲ್ಲಿ ಬಿಚ್ಚಿಕೊಳ್ಳುತ್ತದೆ.

ಪ್ಲೇಯರ್‌ನಿಂದ ರಿಸೀವರ್‌ಗೆ ಆಪ್ಟಿಕಲ್ ಕೇಬಲ್ ಹಾಕಿದ್ದೀರಿ ಎನ್ನೋಣ. ಪಿಸಿಎಂನಲ್ಲಿ ಒಂದು ಚಾನೆಲ್‌ಗೆ ಸೆಕೆಂಡಿಗೆ 48,000 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್. ಎರಡು ಚಾನೆಲ್‌ಗೆ ಸುಮಾರು 15 ಲಕ್ಷ ಬಿಟ್, ಆರು ಚಾನೆಲ್‌ಗೆ ಸುಮಾರು 46 ಲಕ್ಷ. ಆಪ್ಟಿಕಲ್ ದಾರಿ ರೂಪುಗೊಂಡಿದ್ದೇ ಎರಡು ಚಾನೆಲ್‌ನ ಪಿಸಿಎಂಗೆ. ಆದರೆ ಡಿವಿಡಿಯ ಡಾಲ್ಬಿ ಗಂಟು ಸೆಕೆಂಡಿಗೆ ಹೆಚ್ಚೆಂದರೆ 4.48 ಲಕ್ಷ ಬಿಟ್. ಬಿಚ್ಚಿದ ಆರು ಚಾನೆಲ್ ಹಿಡಿಸದ ದಾರಿಯಲ್ಲಿ ಗಂಟು ಸಲೀಸಾಗಿ ಹೋಗುತ್ತದೆ. ಹಾಗಾಗಿ ಇಲ್ಲಿ ಪಿಸಿಎಂ ಆರಿಸಿದರೆ ಪ್ಲೇಯರ್ ನಡುವಿನ ಮಾತನ್ನೂ ಹಿಂದಿನ ಸದ್ದನ್ನೂ ಮುಂದಿನ ಎರಡು ಚಾನೆಲ್‌ಗಳಲ್ಲಿ ಬೆರೆಸಿಬಿಡುತ್ತದೆ. ಸಂಭಾಷಣೆ ಸರಿಯಾಗಿಯೇ ಕೇಳಿಸುವುದರಿಂದ ಎಷ್ಟೋ ಮನೆಗಳಲ್ಲಿ ಕೊರತೆ ಗೊತ್ತೇ ಆಗುವುದಿಲ್ಲ.

ಎಚ್‌ಡಿಎಂಐ ದಾರಿ ಅಗಲವಾದದ್ದು. ಅದರಲ್ಲಿ ಎಂಟು ಚಾನೆಲ್‌ನ ಪಿಸಿಎಂ ಸಾಗುತ್ತದೆ. ಪ್ಲೇಯರನ್ನು ನೇರವಾಗಿ ರಿಸೀವರ್‌ಗೆ ಜೋಡಿಸಿದರೆ ಎರಡು ಆಯ್ಕೆಗಳಲ್ಲಿ ಯಾವುದಾದರೂ ಸರಿಯೇ. ತೊಡಕು ಬರುವುದು ನಡುವೆ ಟಿವಿ ಇದ್ದಾಗ. ಯಾವ ದನಿ ಸ್ವೀಕರಿಸಬಲ್ಲೆ ಎಂಬ ವಿವರವನ್ನು ಟಿವಿ ಪ್ಲೇಯರ್‌ಗೆ ತಿಳಿಸುತ್ತದೆ. ತನ್ನ ಎರಡು ಸ್ಪೀಕರ್‌ಗಳ ಲೆಕ್ಕದಲ್ಲಿ ಅದು ಎರಡೇ ಚಾನೆಲ್ ಎಂದರೆ, ಪ್ಲೇಯರ್ ಕಳಿಸುವುದೂ ಅಷ್ಟೇ. ಟಿವಿಯಿಂದ ಸೌಂಡ್‌ಬಾರ್‌ಗೆ ಹೋಗುವ ಹಳೆಯ ಎಆರ್‌ಸಿಯಲ್ಲೂ ಪಿಸಿಎಂ ಎರಡು ಚಾನೆಲ್ ದಾಟುವುದಿಲ್ಲ. ಇಎಆರ್‌ಸಿಯಲ್ಲಿ ಮಾತ್ರ ಆ ಮಿತಿ ಇಲ್ಲ. ಆದ್ದರಿಂದ ಇಂಥ ಜೋಡಣೆಯಲ್ಲಿ ಪ್ಲೇಯರ್, ಟಿವಿ ಎರಡರಲ್ಲೂ ಬಿಟ್‌ಸ್ಟ್ರೀಮ್ ಇಡಬೇಕು. ಟಿವಿಯ ಮೆನುವಿನಲ್ಲಿ ಇದಕ್ಕೆ ಪಾಸ್‌ಥ್ರೂ ಎಂಬ ಹೆಸರೂ ಇರಬಹುದು.

ಪರೀಕ್ಷಿಸುವಾಗ ಕಿವಿಯನ್ನಷ್ಟೇ ನಂಬಬೇಡಿ. ಎರಡು ಚಾನೆಲ್‌ನ ದನಿಯನ್ನೂ ಎಲ್ಲ ಸ್ಪೀಕರ್‌ಗಳಿಗೆ ಹಂಚುವ ಸೌಲಭ್ಯ ರಿಸೀವರ್‌ಗಳಲ್ಲಿದೆ. ಹಿಂದಿನಿಂದ ಸದ್ದು ಬಂದ ಮಾತ್ರಕ್ಕೆ ಅದು ನಿಜವಾದ 5.1 ಅಲ್ಲ. ರಿಸೀವರ್‌ನ ಪರದೆಯಲ್ಲಿ ಒಳಬರುವ ದನಿಯ ವಿವರ ನೋಡಿ. ಅಲ್ಲಿ ಡಾಲ್ಬಿ ಡಿಜಿಟಲ್ ಎಂದಿದ್ದರೆ ಗಂಟು ಬಿಚ್ಚದೆ ತಲುಪಿದೆ. ಬರೀ ಎರಡು ಚಾನೆಲ್‌ನ ಪಿಸಿಎಂ ಎಂದಿದ್ದರೆ, ಮೊದಲು ಸಿನಿಮಾದ ಮೆನುವಿನಲ್ಲಿ 5.1 ದನಿಯನ್ನೇ ಆರಿಸಿದ್ದೀರಾ ನೋಡಿ. ಆಮೇಲೆ ಪ್ಲೇಯರ್, ಕೊನೆಗೆ ಟಿವಿ. ಹೊಸ ಸ್ಪೀಕರ್ ಕೊಳ್ಳುವ ಮಾತು ಅದರ ನಂತರ.