ನಾನಾರ್ಥದ ಎರವಲು ಪದಗಳು: ‘ಕ್ರಾಸ್’ ಎಂಬುದೊಂದು ನಿದರ್ಶನ

ಶಬ್ದಾರ್ಥವಿಚಾರವನ್ನು ಹೇಳುವ ಸಂಸ್ಕೃತ ಗ್ರಂಥಗಳಲ್ಲಿ ‘ಸೈಂಧವ’ ಎಂಬ ಪದದ ಉದಾಹರಣೆ ಸುಪ್ರಸಿದ್ಧವಾಗಿದೆ. ಆ ಪದಕ್ಕೆ ಉಪ್ಪು ಎಂದೂ ಅರ್ಥವುಂಟು, ಸಿಂಧುದೇಶದ ಕುದುರೆ ಎಂದೂ ಅರ್ಥವುಂಟು. ಊಟಕ್ಕೆ ಕುಳಿತ ಯಜಮಾನನು ಸೈಂಧವವನ್ನು ತಾರೆಂದರೆ ಸೇವಕನು ಉಪ್ಪನ್ನು ತರುತ್ತಾನೆ. ಪ್ರಯಾಣಸನ್ನದ್ಧನಾಗಿ ನಿಂತು ಅದೇ ಮಾತನ್ನಾಡಿದರೆ ಕುದುರೆಯನ್ನು ತರುತ್ತಾನೆ. ಪದವು ಬದಲಾಗಲಿಲ್ಲ, ಸಂದರ್ಭವು ಬದಲಾಯಿತು. ಇದನ್ನೇ ಶಾಸ್ತ್ರಕಾರರು ‘ಪ್ರಕರಣ’ವೆಂದು ಕರೆದರು. ಆದರೆ ಸೇವಕನು ಯಜಮಾನನ ಎದುರಿನಲ್ಲಿಯೇ ಇದ್ದನೆಂಬುದನ್ನು ಮರೆಯಲಾಗದು. ಅದೇ ಮಾತು ಒಂದು ಚೀಟಿಯಲ್ಲಿ ಬರೆದು ಬಂದಿದ್ದರೆ, ಚೀಟಿಯನ್ನು ಓದುವವನು ಆ ಮನೆಗೆ ಹೊಸಬನಾಗಿದ್ದರೆ, ಆಗ ಅರ್ಥನಿರ್ಣಯ ಹೇಗೆ?

ಇಂದಿನ ಮೊಬೈಲಿನ ಸಂದೇಶಗಳು ಇಂತಹ ಚೀಟಿಗಳೇ. ಬೆಂಗಳೂರಿನ ಉತ್ತರಭಾಗದಲ್ಲಿ, ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಲ್ಲಿ, ಜನರು ನಿತ್ಯವೂ ಬರೆದುಕೊಳ್ಳುವ ಸಂದೇಶಗಳಲ್ಲಿ ಕನ್ನಡದ ವಾಕ್ಯದೊಳಗೆ ಇಂಗ್ಲಿಷಿನ ಪದಗಳು ಬೆರೆತಿರುತ್ತವೆ. ಅವುಗಳಲ್ಲಿ ‘ಕ್ರಾಸ್’ ಎಂಬ ಒಂದೇ ಪದವನ್ನು ಪರಿಶೀಲಿಸಿದರೆ ಈ ವಿಷಯದ ಮರ್ಮವು ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಕನ್ನಡದಲ್ಲಿ ಈ ಪದಕ್ಕೆ ಮುಖ್ಯವಾಗಿ ಮೂರು ಅರ್ಥಗಳು ನೆಲೆಗೊಂಡಿವೆ. ಬಡಾವಣೆಗಳಲ್ಲಿ ಮೇನ್ ರೋಡಿಗೆ ಅಡ್ಡಲಾಗಿ ಹಾಯುವ ಬೀದಿಯು ಕ್ರಾಸು; ಆರ್.ಟಿ. ನಗರದಲ್ಲಿ ಮನೆಯ ವಿಳಾಸವನ್ನು ಹೇಳುವಾಗ 5ನೇ ಕ್ರಾಸ್ ಎಂಬಂತೆ ಬಳಸುವುದು ಈ ಅರ್ಥದಲ್ಲಿ. ಹೆದ್ದಾರಿಯಿಂದ ಒಂದು ಊರಿನ ದಾರಿ ಕವಲೊಡೆಯುವ ಸ್ಥಳವೂ, ಅಲ್ಲಿನ ಬಸ್ ನಿಲ್ದಾಣವೂ ಕ್ರಾಸೇ. ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಬಳಿ ಇರುವ ಕೋಗಿಲು ಕ್ರಾಸ್ ಈ ಬಗೆಯದು. ಮೂರನೆಯದಾಗಿ, ‘ಮಾಡು’ ಧಾತುವಿನೊಡನೆ ಕೂಡಿದಾಗ ಅದು ದಾಟುವ ಕ್ರಿಯೆಯನ್ನು ಹೇಳುತ್ತದೆ. ಮೊದಲೆರಡು ನಾಮಪದಗಳು, ಮೂರನೆಯದು ಕ್ರಿಯೆಯ ಅಂಗ. ಇಂಗ್ಲಿಷಿನಲ್ಲಿ ನಾಮವಾಗಿಯೂ ಕ್ರಿಯೆಯಾಗಿಯೂ ನಡೆಯುವ ಪದವು ಕನ್ನಡಕ್ಕೆ ಬಂದಾಗ ನೇರವಾಗಿ ಕ್ರಿಯಾಪದವಾಗಲಾರದು. ‘ಮಾಡು’, ‘ಆಗು’ ಮೊದಲಾದ ಕನ್ನಡ ಧಾತುವಿನ ಆಸರೆ ಅದಕ್ಕೆ ಬೇಕು.

ಈ ಭೇದವನ್ನು ಕಂಡುಹಿಡಿಯಲು ಸುಲಭವಾದ ಪರೀಕ್ಷೆಯುಂಟು. ನಾಮಪದವಾದ ಕ್ರಾಸು ಕನ್ನಡದ ವಿಭಕ್ತಿಪ್ರತ್ಯಯಗಳನ್ನು ಸಲೀಸಾಗಿ ತಾಳುತ್ತದೆ: ಕ್ರಾಸಿಗೆ, ಕ್ರಾಸಿನಲ್ಲಿ, ಕ್ರಾಸಿನಿಂದ. ಅದರ ಹಿಂದೆ ‘ಆ’ ಎಂಬ ನಿರ್ದೇಶಕವನ್ನೋ ‘5ನೇ’ ಎಂಬ ಸಂಖ್ಯೆಯನ್ನೋ ಇಡಬಹುದು. ಕ್ರಿಯೆಯ ಅಂಗವಾದ ಕ್ರಾಸ್ ಇವೊಂದನ್ನೂ ಸಹಿಸದು. ‘ರೋಡನ್ನು ಕ್ರಾಸ್ ಮಾಡಿದ’ ಎಂಬಲ್ಲಿ ಪ್ರತ್ಯಯವು ರೋಡಿಗೆ ಹತ್ತುತ್ತದೆಯೇ ಹೊರತು ಕ್ರಾಸಿಗೆ ಹತ್ತುವುದಿಲ್ಲ. ಅಲ್ಲಿ ‘ಕ್ರಾಸ್ ಮಾಡಿದ’ ಎಂಬುದನ್ನು ತೆಗೆದು ‘ದಾಟಿದ’ ಎಂದಿಟ್ಟರೆ ವಾಕ್ಯವು ಕೆಡದೆ ನಿಲ್ಲುತ್ತದೆ. ಹೀಗೆ ಪದವು ಎರವಲಾದರೂ ಅದರ ಅರ್ಥವನ್ನು ನಿಶ್ಚಯಿಸುವ ಅಧಿಕಾರವು ಕನ್ನಡದ ಪ್ರತ್ಯಯ ಮತ್ತು ಧಾತುಗಳ ಕೈಯಲ್ಲಿದೆ.

ತೊಡಕು ಹುಟ್ಟುವುದು ಈ ಪ್ರತ್ಯಯವು ಬಿಟ್ಟುಹೋದಾಗ. ಸಂದೇಶವನ್ನು ಬರೆಯುವವರು ಅವಸರದಲ್ಲಿ ಮೊದಲು ಕೈಬಿಡುವುದು ಅದನ್ನೇ. ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಕೋಗಿಲು ಕ್ರಾಸಿನ ಸಮೀಪದಲ್ಲಿ ವಾಸಿಸುವ ತಾಯಿಯೊಬ್ಬಳು ಶಾಲೆಯ ವ್ಯಾನಿನ ಚಾಲಕನಿಗೆ ಹೀಗೆ ಬರೆಯುತ್ತಾಳೆ: “ಅಣ್ಣಾ, ಇವತ್ತು ಪಾಪೂನ ಕ್ರಾಸ್ ಬಿಡಿ.”

ಈ ವಾಕ್ಯದಲ್ಲಿ ಕ್ರಾಸಿನಂತೆಯೇ ‘ಬಿಡು’ ಎಂಬ ಧಾತುವೂ ನಾನಾರ್ಥವುಳ್ಳದ್ದು. ತಲುಪಿಸು ಎಂಬುದೊಂದು ಅರ್ಥ, ತ್ಯಜಿಸು ಎಂಬುದು ಇನ್ನೊಂದು. ಆದ್ದರಿಂದ ಮೇಲುನೋಟಕ್ಕೆ ಮೂರು ಅನ್ವಯಗಳು ತೋರುತ್ತವೆ: ಮಗುವನ್ನು ಕ್ರಾಸಿನಲ್ಲಿ ಇಳಿಸಿರಿ, ಮಗುವನ್ನು ರಸ್ತೆ ದಾಟಿಸಿ ಬಿಡಿರಿ, ಕ್ರಾಸಿಗೆ ಬರುವುದನ್ನು ಇಂದು ಕೈಬಿಡಿರಿ. ಇವುಗಳಲ್ಲಿ ಮೂರನೆಯದನ್ನು ವ್ಯಾಕರಣವೇ ತಳ್ಳಿಹಾಕುತ್ತದೆ. ‘ಪಾಪೂನ’ ಎಂಬುದು ಆಡುಮಾತಿನ ದ್ವಿತೀಯಾ ವಿಭಕ್ತಿ. ಬಿಡುವುದಕ್ಕೆ ಕರ್ಮವು ಮಗುವೇ ಆಗಿರುವುದರಿಂದ ಕ್ರಾಸು ಕರ್ಮವಾಗಲು ಎಡೆಯಿಲ್ಲ.

ಉಳಿದ ಎರಡರಲ್ಲಿ ಯಾವುದು ಸರಿ? ಇಲ್ಲಿ ವ್ಯಾಕರಣವು ಮೌನವಾಗುತ್ತದೆ, ಪ್ರಕರಣವು ಮಾತನಾಡಬೇಕಾಗುತ್ತದೆ. ಸುಳಿವಿರುವುದು ‘ಇವತ್ತು’ ಎಂಬ ಪದದಲ್ಲಿ. ಆ ಪದವು ನಿತ್ಯದ ಪದ್ಧತಿಗಿಂತ ಇಂದು ಬೇರೆ ಎಂಬುದನ್ನು ಸೂಚಿಸುತ್ತದೆ. ಚಾಲಕನು ಪ್ರತಿದಿನವೂ ಮನೆಯ ಬಾಗಿಲಿಗೇ ಮಗುವನ್ನು ತಲುಪಿಸುತ್ತಿದ್ದರೆ, ಇಂದು ಕ್ರಾಸಿನಲ್ಲಿ ಇಳಿಸಬೇಕೆಂದು ಅರ್ಥ. ತಾಯಿ ಅಲ್ಲಿ ಕಾಯುತ್ತಿರುತ್ತಾಳೆ. ಪ್ರತಿದಿನವೂ ಕ್ರಾಸಿನಲ್ಲಿಯೇ ಇಳಿಸುತ್ತಿದ್ದರೆ, ಹೊಸದಾಗಿ ಹೇಳಬೇಕಾದದ್ದು ರಸ್ತೆ ದಾಟಿಸುವುದನ್ನು. ತಾಯಿ ಇಂದು ಅಲ್ಲಿಗೆ ಬರಲಾರಳು. ಹಳೆಯ ಚಾಲಕನು ಇದನ್ನು ಕ್ಷಣದಲ್ಲಿ ಗ್ರಹಿಸುತ್ತಾನೆ. ಆದರೆ ಆ ದಿನ ಅವನು ರಜೆಯಲ್ಲಿದ್ದು, ಸಂದೇಶವು ಬದಲಿ ಚಾಲಕನ ಕೈಸೇರಿದರೆ, ನಿತ್ಯದ ಪದ್ಧತಿಯೇನೆಂಬುದು ಅವನಿಗೆ ತಿಳಿಯದು. ಅವನು ಮಗುವನ್ನು ಕ್ರಾಸಿನಲ್ಲಿ ಇಳಿಸಿ ಮುಂದೆ ಹೋದಾನು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದಂದಿನಿಂದ ಅಲ್ಲಿಗೆ ಹೋಗುವ ವಾಹನಗಳೂ ಬಳ್ಳಾರಿ ರಸ್ತೆಯಲ್ಲಿಯೇ ಧಾವಿಸುತ್ತವೆ. ಅದರ ಅಂಚಿನಲ್ಲಿ ಮಗು ಒಂಟಿಯಾಗಿ ನಿಲ್ಲುವುದಕ್ಕೆ ಒಂದು ಪ್ರತ್ಯಯದ ಲೋಪವೇ ಕಾರಣವಾಗುತ್ತದೆ.

“ಕ್ರಾಸಲ್ಲಿ ಬಿಡಿ” ಎಂದೋ “ಕ್ರಾಸ್ ಮಾಡಿಸಿ ಬಿಡಿ” ಎಂದೋ ಬರೆದಿದ್ದರೆ ಹೊಸಬನಿಗೂ ಸಂದೇಹವಿರುತ್ತಿರಲಿಲ್ಲ. ಎರಡನೆಯ ವಾಕ್ಯದಲ್ಲಿನ ‘ಇಸು’ ಪ್ರತ್ಯಯವನ್ನೂ ಗಮನಿಸಬೇಕು. “ಕ್ರಾಸ್ ಮಾಡಿ ಬಿಡಿ” ಎಂದರೆ ದಾಟುವವನು ಚಾಲಕ. ವ್ಯಾನನ್ನು ಆಚೆಗೆ ಕೊಂಡೊಯ್ದು ಮಗುವನ್ನು ಇಳಿಸಬೇಕೆಂದಾಗುತ್ತದೆ. “ಮಾಡಿಸಿ” ಎಂದಾಗ ದಾಟುವುದು ಮಗು, ದಾಟಿಸುವವನು ಚಾಲಕ. ಒಂದಕ್ಷರದಿಂದ ಕರ್ತೃವೇ ಬದಲಾಗುತ್ತಾನೆ.

ಎಲ್ಲ ಎರವಲು ಪದಗಳಿಗೂ ಈ ಉಪಾಯವು ಸಾಲದು. ‘ಚಾರ್ಜ್’ ಎಂಬ ಪದವನ್ನು ನೋಡಬಹುದು. “ಹೊಸ ಹೆಡ್‌ಮಾಸ್ಟರು ಚಾರ್ಜ್ ತಗೊಂಡ್ರು” ಎಂಬಲ್ಲಿ ಅದು ಅಧಿಕಾರ; “ಆಟೋದವರು ಡಬಲ್ ಚಾರ್ಜ್ ತಗೊಂಡ್ರು” ಎಂಬಲ್ಲಿ ಬಾಡಿಗೆ. ಧಾತುವೂ ಒಂದೇ, ಪ್ರತ್ಯಯವೂ ಇಲ್ಲ. ಜೊತೆಗಿರುವ ಪದಗಳಿಂದಲೇ ಅರ್ಥವನ್ನು ತಿಳಿಯಬೇಕು. ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ ಅರ್ಥನಿರ್ಣಯದ ಸಾಧನಗಳನ್ನು ಎಣಿಸುವಾಗ ಪ್ರಕರಣದೊಡನೆ ಇತರ ಶಬ್ದದ ಸಾನ್ನಿಧ್ಯವನ್ನೂ ಹೇಳಿರುವುದು ಇಂತಹ ಕಡೆ ಸಲ್ಲುತ್ತದೆ. ಆದರೆ “ಚಾರ್ಜ್ ಇಲ್ಲ” ಎಂದಷ್ಟೇ ಬಂದ ಸಂದೇಶದಲ್ಲಿ ಆ ಸಾನ್ನಿಧ್ಯವೂ ಇಲ್ಲ. ಮೊಬೈಲಿನ ಬ್ಯಾಟರಿ ಬರಿದಾಯಿತೆಂದೋ, ಶುಲ್ಕ ಕೊಡಬೇಕಾಗಿಲ್ಲವೆಂದೋ ಅದರಿಂದ ಹೇಳಲಾಗದು. ಅಲ್ಲಿ ‘ಮೊಬೈಲಲ್ಲಿ’ ಎಂದೋ ‘ಅದಕ್ಕೆ’ ಎಂದೋ ಇನ್ನೊಂದು ಪದವನ್ನು ಕೂಡಿಸದೆ ಗತಿಯಿಲ್ಲ.

ಆದ್ದರಿಂದ ಸಂದೇಹವು ಎರವಲು ಪದವನ್ನು ಬಳಸಿದುದರಿಂದಲೇ ಹುಟ್ಟಿತೆಂದು ಹೇಳುವುದು ಸರಿಯಾಗದು. ಅಚ್ಚಗನ್ನಡದ ‘ಬಿಡು’ ಧಾತುವೂ ಮೇಲಿನ ವಾಕ್ಯದಲ್ಲಿ ಅಷ್ಟೇ ಸಂದಿಗ್ಧವಾಗಿತ್ತು. ಎದುರಿನಲ್ಲಿರುವವನಿಗೆ ಪ್ರಕರಣವೇ ಸಾಕು. ದೂರದಲ್ಲಿರುವ ಹೊಸಬನಿಗೆ ಆ ಪ್ರಕರಣವನ್ನು ಹೊತ್ತೊಯ್ಯುವುದು ವಿಭಕ್ತಿ ಮತ್ತು ಧಾತುಗಳು. ವಿಭಕ್ತಿಪಾಠವನ್ನು ಬೋಧಿಸುವ ಉಪಾಧ್ಯಾಯರು ಹಳಗನ್ನಡದ ಪದ್ಯಗಳ ಜೊತೆಗೆ ವ್ಯಾನಿನ ಚಾಲಕನಿಗೆ ಬರೆದ ಈ ಒಂದು ವಾಕ್ಯವನ್ನೂ ಕಪ್ಪುಹಲಗೆಯ ಮೇಲೆ ಬರೆದು, ಬಿಟ್ಟುಹೋದುದನ್ನು ತುಂಬಿರೆಂದು ಮಕ್ಕಳಿಗೆ ಹೇಳಬಹುದು.